ನಾಲ್ಕು ಸ್ಲಾಟಿಗೂ ರ‍್ಯಾಮ್ ತುಂಬುವ ಮುಂಚೆ ಬೋರ್ಡಿನ ಪಟ್ಟಿ ಓದಿದ್ದು

ದಾವಣಗೆರೆಯ ವಿದ್ಯಾನಗರದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವ ಒಂದು ಸ್ಟುಡಿಯೊ ಇದೆ. ಅಲ್ಲಿನ ಮುಖ್ಯ ಕಂಪ್ಯೂಟರಿಗೆ 64 ಜಿಬಿ ರ‍್ಯಾಮ್ ಸಾಲದೆ ಬಂದಿತ್ತು. ನಾಲ್ಕು ಕ್ಯಾಮೆರಾದ 4ಕೆ ಫುಟೇಜನ್ನು ಒಂದೇ ಟೈಮ್‌ಲೈನಿಗೆ ಹಾಕಿ, ಜೊತೆಗೆ ಆಫ್ಟರ್ ಎಫೆಕ್ಟ್ಸ್ ತೆರೆದರೆ ಪ್ರಿವ್ಯೂ ಅರ್ಧಕ್ಕೇ ನಿಲ್ಲುತ್ತಿತ್ತು, ಏಕೆಂದರೆ ಅಲ್ಲಿದ್ದ ಆವೃತ್ತಿಯ ಸಾಫ್ಟ್‌ವೇರ್ ಪ್ರಿವ್ಯೂ ಫ್ರೇಮುಗಳನ್ನು ರ‍್ಯಾಮಿನಲ್ಲೇ ಕೂಡಿಡುತ್ತಿತ್ತು. ಬೋರ್ಡು ಬಿ650, ಪ್ರೊಸೆಸರ್ ರೈಜನ್ 9 7950ಎಕ್ಸ್. ನಾಲ್ಕು ಸ್ಲಾಟುಗಳಲ್ಲಿ ಎರಡರಲ್ಲಿ 32 ಜಿಬಿಯ ಡಿಡಿಆರ್5 ಸ್ಟಿಕ್ಕುಗಳಿದ್ದವು. ಎಕ್ಸ್‌ಪೋ ಪ್ರೊಫೈಲ್, ಅಂದರೆ ಸ್ಟಿಕ್ಕಿನಲ್ಲೇ ತಯಾರಕರು ಬರೆದಿಟ್ಟ ಹೆಚ್ಚಿನ ವೇಗದ ಸೆಟ್ಟಿಂಗ್, ಆನ್ ಮಾಡಿ 6000ರ ವೇಗದಲ್ಲಿ ಒಂದು ದೂರೂ ಇಲ್ಲದೆ ಓಡುತ್ತಿದ್ದವು.

ಸ್ಟುಡಿಯೊ ಮಾಲೀಕರ ಲೆಕ್ಕ ನೇರವಾಗಿತ್ತು. "ಸರ್, ಎರಡು ಸ್ಲಾಟ್ ಖಾಲಿ ಅದಾವಲ್ಲ, ಇದೇ ಮಾಡಲ್‌ದು ಇನ್ನೊಂದು ಪ್ಯಾಕ್ ತಂದು ಹಾಕಿದ್ರಾತು." ಅಂಗಡಿಯವರೂ ಅದನ್ನೇ ಹೇಳಿದ್ದರಂತೆ. ಡಿಡಿಆರ್3, ಡಿಡಿಆರ್4 ಕಾಲದಲ್ಲಿ ಈ ಮಾತು ಬಹುಮಟ್ಟಿಗೆ ನಡೆದೂಬಿಡುತ್ತಿತ್ತು. ಡಿಡಿಆರ್5ರಲ್ಲಿ ಅದು ಏಕೆ ನಡೆಯುವುದಿಲ್ಲ, ಬೋರ್ಡ್ ಕಂಪನಿಯ ಮೆಮೊರಿ ಪಟ್ಟಿ ನೋಡಿ ನಾವು ಸರಿಯಾದ ಕಿಟ್ ಹೇಗೆ ಆರಿಸಿದೆವು, ಪಟ್ಟಿಯಲ್ಲಿಲ್ಲದ ಜೋಡಣೆ ಹಾಕಿ ನೋಡಿದಾಗ ಏನಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ತಂತಿಯ ಮಾತು. ಇಂಥ ಬೋರ್ಡುಗಳಲ್ಲಿ ಸ್ಲಾಟ್ ನಾಲ್ಕಿದ್ದರೂ ಚಾನೆಲ್ ಎರಡೇ. ಪ್ರೊಸೆಸರಿಗೆ ಹತ್ತಿರದಿಂದ ಎಣಿಸಿದರೆ ಎ1, ಎ2, ಬಿ1, ಬಿ2. ಎ1 ಮತ್ತು ಎ2 ಎರಡಕ್ಕೂ ಒಂದೇ ಗುಂಪಿನ ತಂತಿಗಳು. ಈಗಿನ ಹೆಚ್ಚಿನ ಬೋರ್ಡುಗಳಲ್ಲಿ ಈ ತಂತಿ ಎ1ನ್ನು ಮುಟ್ಟಿಕೊಂಡು ಹೋಗಿ ಎ2ರಲ್ಲಿ ಕೊನೆಯಾಗುತ್ತದೆ. ಇದನ್ನು ಡೈಸಿ ಚೈನ್ ಅನ್ನುತ್ತಾರೆ. ಎರಡೇ ಸ್ಟಿಕ್ ಇದ್ದರೆ ಎ2, ಬಿ2ಗೆ ಹಾಕಿ ಎಂದು ಮ್ಯಾನುಯಲ್ ಹೇಳುವುದು ಇದಕ್ಕೇ. ಸಂಕೇತ ನೇರವಾಗಿ ತುದಿಯವರೆಗೆ ಹೋಗಿ ಅಲ್ಲಿ ಸರಿಯಾಗಿ ಮುಗಿಯುತ್ತದೆ. ಎ1ಗೂ ಒಂದು ಸ್ಟಿಕ್ ಹಾಕಿದರೆ ದಾರಿಯ ನಡುವೆ ಇನ್ನೊಂದು ಹೊರೆ ಬೀಳುತ್ತದೆ, ಸಂಕೇತದ ಒಂದಂಶ ಅಲ್ಲಿಂದ ಹಿಂದಕ್ಕೆ ಪುಟಿಯುತ್ತದೆ. ಒಂದು ಮತ್ತು ಸೊನ್ನೆಯ ನಡುವಿನ ಅಂತರ ಕಿರಿದಾಗುತ್ತದೆ. ವೇಗ ಹೆಚ್ಚಿದಷ್ಟೂ ಆ ಅಂತರ ಇನ್ನೂ ಕಿರಿದು.

ಇದರ ಮೇಲೆ ರ‍್ಯಾಂಕಿನ ಲೆಕ್ಕ ಬೇರೆ ಇದೆ, ಅಂದರೆ ಪ್ರೊಸೆಸರ್ ಒಂದೇ ಸಲಕ್ಕೆ ಮಾತಾಡಿಸುವ ಚಿಪ್ಪುಗಳ ಗುಂಪಿನದ್ದು. 16 ಜಿಬಿಯ ಡಿಡಿಆರ್5 ಸ್ಟಿಕ್ ಸಾಮಾನ್ಯವಾಗಿ ಸಿಂಗಲ್ ರ‍್ಯಾಂಕ್, ಒಂದೇ ಬದಿಗೆ ಚಿಪ್ಪುಗಳು. ಈ ಯಂತ್ರದಲ್ಲಿದ್ದಂಥ 32 ಜಿಬಿ ಸ್ಟಿಕ್ ಡ್ಯುಯಲ್ ರ‍್ಯಾಂಕ್, ಎರಡೂ ಬದಿಗೆ ಚಿಪ್ಪುಗಳು. ಹಾಗಾಗಿ 32ರ ನಾಲ್ಕು ಸ್ಟಿಕ್ ಹಾಕಿದರೆ ಒಂದೊಂದು ಚಾನೆಲ್ ಮೇಲೆ ನಾಲ್ಕು ನಾಲ್ಕು ರ‍್ಯಾಂಕಿನ ಹೊರೆ. ಎಎಂಡಿ 7950ಎಕ್ಸ್‌ನ ವಿವರಪುಟದಲ್ಲಿ ಇದನ್ನು ಮುಚ್ಚಿಟ್ಟಿಲ್ಲ. ಎರಡು ಸ್ಟಿಕ್ ಇದ್ದರೆ 5200, ನಾಲ್ಕು ಇದ್ದರೆ 3600 ಎಂದು ಬರೆದಿದೆ. ಪ್ರೊಸೆಸರ್ ಮಾಡಿದವರು ಒಪ್ಪಿಕೊಳ್ಳುವುದು ಇಷ್ಟನ್ನೇ. ಅದರ ಮೇಲಿನ ವೇಗವೆಲ್ಲ ಓವರ್‌ಕ್ಲಾಕ್, ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚಾದ 6000 ಕೂಡ. ಎಷ್ಟೋ ಜನ ಈ ಪುಟವನ್ನು ತೆರೆದೇ ನೋಡುವುದಿಲ್ಲ. ನಾಲ್ಕು ಸ್ಟಿಕ್ ಬೇಕೆನ್ನುವವರು ಮೊದಲು ನೋಡಬೇಕಾದ ಪುಟ ಇದು.

3600 ಮತ್ತು 6000ರ ನಡುವಿನ ವ್ಯತ್ಯಾಸವನ್ನು ಕಾಗದದ ಮೇಲೆ ಹೀಗೆ ಹಾಕಬಹುದು: ಈ ಅಂಕಿ ಸೆಕೆಂಡಿಗೆ ಎಷ್ಟು ದಶಲಕ್ಷ ಸಲ ಡೇಟಾ ಸಾಗುತ್ತದೆ ಎಂಬುದು, ಅದಕ್ಕೆ 8 ಬೈಟು ಗುಣಿಸಿ, ಎರಡು ಚಾನೆಲ್‌ಗೆ 2 ಗುಣಿಸಿ. 3600ಕ್ಕೆ ಸೆಕೆಂಡಿಗೆ 57.6 ಜಿಬಿ, 5200ಕ್ಕೆ 83.2, 6000ಕ್ಕೆ 96. ಗರಿಷ್ಠ ಲೆಕ್ಕವಿದು, ಕೈಗೆ ಸಿಗುವುದು ಇದಕ್ಕಿಂತ ಕಡಿಮೆ. ಆದರೂ ರ‍್ಯಾಮ್ ಇಮ್ಮಡಿಯಾಗಿ ವೇಗ 3600ಕ್ಕೆ ಕುಸಿದರೆ ಮಾಲೀಕರಿಗೆ ಬೇಸರವಾಗುವುದು ಸಹಜ. ಹಾಗಾಗಿ ನಡುವಿನ ಒಂದು ವೇಗಕ್ಕೆ ಪರೀಕ್ಷೆಯಾದ ಕಿಟ್ ಹುಡುಕುವುದು ನಮ್ಮ ಗುರಿಯಾಯಿತು.

ಪಟ್ಟಿ ತೆರೆಯುವ ಮುಂಚೆ ಯಂತ್ರದಲ್ಲಿ ಏನಿದೆ ಎಂದು ಖಚಿತ ಮಾಡಿಕೊಳ್ಳಬೇಕು. ಪವರ್‌ಶೆಲ್ ತೆರೆದು ಈ ಮೂರು ಸಾಲು ಕೊಟ್ಟರೆ ಸಾಕು:

```
Get-CimInstance Win32_BaseBoard | Select-Object Manufacturer,Product,Version
(Get-CimInstance Win32_BIOS).SMBIOSBIOSVersion
Get-CimInstance Win32_PhysicalMemory | Select-Object DeviceLocator,PartNumber,ConfiguredClockSpeed
```

ಬೋರ್ಡಿನ ಹೆಸರನ್ನು ಕೊನೆಯ ಅಕ್ಷರದವರೆಗೂ ಬರೆದುಕೊಳ್ಳಿ. ವೈಫೈ ಇರುವುದು, ಇಲ್ಲದ್ದು, ಚಿಕ್ಕ ಗಾತ್ರದ್ದು, ದೊಡ್ಡದ್ದು ಎಂದು ಒಂದೇ ಹೆಸರಿನಲ್ಲಿ ಹಲವು ಬೋರ್ಡುಗಳಿರುತ್ತವೆ, ಒಂದೊಂದಕ್ಕೂ ಬೇರೆ ಪಟ್ಟಿ. ಕೆಲವು ಕಂಪನಿಗಳು ಅದೇ ಬೋರ್ಡಿಗೆ ರಿವಿಷನ್ 1.0, 1.1 ಎಂದು ಬದಲಾವಣೆ ಮಾಡುತ್ತವೆ, ಆಗ ಪಟ್ಟಿಯೂ ಬದಲಾಗಬಹುದು. ರಿವಿಷನ್ ಸಂಖ್ಯೆ ಸ್ಕ್ರೀನಿನಲ್ಲಿ ಸರಿಯಾಗಿ ಬಾರದಿದ್ದರೆ ಬೋರ್ಡಿನ ಅಂಚಿನ ಮೇಲೇ ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ, ಟಾರ್ಚ್ ಹಿಡಿದು ನೋಡಿದರೆ ಕಾಣುತ್ತದೆ.

ಆಮೇಲೆ ಬೋರ್ಡ್ ಕಂಪನಿಯ ಸಪೋರ್ಟ್ ಪುಟದಲ್ಲಿ ಮೆಮೊರಿ ಪಟ್ಟಿ. ಇದನ್ನೇ ಕ್ಯೂವಿಎಲ್ ಅನ್ನುವುದು. ಇಲ್ಲಿ ಮೊದಲು ಗಮನಿಸಬೇಕಾದದ್ದು ಪ್ರೊಸೆಸರ್ ಸರಣಿ. ಈ ಬಿ650ಯಂಥ ಎಎಂ5 ಬೋರ್ಡುಗಳಲ್ಲಿ ರೈಜನ್ 7000, 8000, 9000 ಸರಣಿಗಳಿಗೆ ಬೇರೆ ಬೇರೆ ಪಟ್ಟಿಗಳಿರುತ್ತವೆ. ಮೆಮೊರಿ ಕಂಟ್ರೋಲರ್ ಇರುವುದು ಪ್ರೊಸೆಸರಿನೊಳಗೆ, ಆದ್ದರಿಂದ 8000ದ ಪಟ್ಟಿಯಲ್ಲಿ ಒಳ್ಳೆಯ ವೇಗ ಕಂಡರೆ ಅದು 7950ಎಕ್ಸ್‌ಗೆ ಸಾಕ್ಷಿಯಾಗುವುದಿಲ್ಲ. ಕೆಲವರು ಸರಣಿ ಸಂಖ್ಯೆಯ ಬದಲು ಒಳಹೆಸರು ಹಾಕಿರುತ್ತಾರೆ. 7000 ಸರಣಿಯ ಡೆಸ್ಕ್‌ಟಾಪ್ ಪ್ರೊಸೆಸರ್ ಅಂದರೆ ರಾಫೆಲ್, 9000 ಅಂದರೆ ಗ್ರಾನೈಟ್ ರಿಜ್.

ಪಟ್ಟಿ ಉದ್ದಕ್ಕಿರುತ್ತದೆ, ನೂರಾರು ಸಾಲು. ಅದರಲ್ಲಿ ನಾವು ಕಣ್ಣಿಟ್ಟದ್ದು ನಾಲ್ಕು ಅಂಕಣಗಳ ಮೇಲೆ. ಒಂದು, ಸ್ಟಿಕ್ಕಿನ ಗಾತ್ರ 32 ಜಿಬಿ. ಎರಡು, ಎಸ್‌ಎಸ್ ಅಥವಾ ಡಿಎಸ್, ಅಂದರೆ ಚಿಪ್ಪುಗಳು ಒಂದು ಬದಿಗೋ ಎರಡು ಬದಿಗೋ. ಮೂರು, ಚಿಪ್ ಯಾರದ್ದು: ಎಸ್‌ಕೆ ಹೈನಿಕ್ಸ್, ಸ್ಯಾಮ್‌ಸಂಗ್, ಮೈಕ್ರಾನ್. ನಾಲ್ಕನೆಯದೇ ಎಲ್ಲಕ್ಕಿಂತ ಮುಖ್ಯ, 1, 2, 4 ಎಂದು ಬರೆದಿರುವ ಪುಟ್ಟ ಅಂಕಣಗಳು. ಎಷ್ಟು ಸ್ಟಿಕ್ ಹಾಕಿ ಪರೀಕ್ಷೆ ಮಾಡಿದ್ದಾರೆ ಎಂಬುದರ ಗುರುತು ಅದು. ಹೆಚ್ಚಿನ ಸಾಲುಗಳಲ್ಲಿ 1ಕ್ಕೂ 2ಕ್ಕೂ ಗುರುತಿರುತ್ತದೆ, 4ರ ಕೆಳಗೆ ಖಾಲಿ.

ಸ್ಟುಡಿಯೊದಲ್ಲಿದ್ದ ಕಿಟ್ ಪಟ್ಟಿಯಲ್ಲಿ ಇತ್ತು. 6000, ಡಿಎಸ್, ಹೈನಿಕ್ಸ್ ಚಿಪ್. 1, 2ಕ್ಕೆ ಗುರುತಿತ್ತು, 4ರ ಕೆಳಗೆ ಏನೂ ಇರಲಿಲ್ಲ. ಅಂಗಡಿಯಲ್ಲಿ "ಕ್ಯೂವಿಎಲ್‌ನಲ್ಲಿ ಐತಿ ನೋಡ್ರಿ" ಎಂದು ಫೋನಿನಲ್ಲಿ ತೋರಿಸಿದ್ದು ಇದೇ ಸಾಲನ್ನು. ಫೋನಿನ ಚಿಕ್ಕ ತೆರೆಯಲ್ಲಿ ಬಲಗಡೆಯ ಅಂಕಣಗಳು ಕಾಣುವುದಿಲ್ಲ, ಪಕ್ಕಕ್ಕೆ ಸರಿಸಿ ನೋಡಬೇಕು. ಮಾಡೆಲ್ ಪಟ್ಟಿಯಲ್ಲಿರುವುದು ನಿಜ, ನಾಲ್ಕಕ್ಕೆ ಪರೀಕ್ಷೆಯಾಗದಿರುವುದೂ ಅಷ್ಟೇ ನಿಜ.

4ರ ಕೆಳಗೆ ಗುರುತು ಕಂಡರೂ ಅಲ್ಲೇ ನಿಲ್ಲಬಾರದು, ಯಾವ ವೇಗಕ್ಕೆ ಆ ಗುರುತು ಎಂದು ಕೇಳಬೇಕು. ಕೆಲವು ಪಟ್ಟಿಗಳಲ್ಲಿ ಸ್ಟಿಕ್ಕಿನ ವೇಗ ಒಂದು ಅಂಕಣದಲ್ಲಿ, ಬೋರ್ಡಿನಲ್ಲಿ ನಿಂತ ವೇಗ ಇನ್ನೊಂದರಲ್ಲಿ ಇರುತ್ತದೆ. ಬೇರೆ ಕೆಲವು ಬೋರ್ಡುಗಳ ವಿವರಪುಟದಲ್ಲಿ 1DPC 1R, 1DPC 2R, 2DPC 1R, 2DPC 2R ಎಂಬ ನಾಲ್ಕು ಸಾಲು ಕೊಟ್ಟಿರುತ್ತಾರೆ. ಚಾನೆಲ್ಲಿಗೆ ಎಷ್ಟು ಸ್ಟಿಕ್, ಸ್ಟಿಕ್ಕಿಗೆ ಎಷ್ಟು ರ‍್ಯಾಂಕ್ ಎಂಬುದರ ಲೆಕ್ಕ ಅದು. 32 ಜಿಬಿಯ ನಾಲ್ಕು ಸ್ಟಿಕ್ ಹಾಕುವವರಿಗೆ ಸಂಬಂಧಿಸಿದ್ದು ಕೊನೆಯ ಸಾಲು, 2DPC 2R. ನಾಲ್ಕರಲ್ಲಿ ಅತಿ ಕಡಿಮೆ ವೇಗ ಇರುವುದೂ ಅಲ್ಲೇ. ಬೋರ್ಡಿನ ಜಾಹೀರಾತಿನಲ್ಲಿ 7000ಕ್ಕೂ ಮೇಲೆ ಎಂದು ಬರೆಯುವುದು ಮೊದಲ ಸಾಲನ್ನು ಹಿಡಿದು.

ಇನ್ನು ಲೇಬಲ್ಲು. ಕಿಟ್ಟಿನಲ್ಲಿ ಎಷ್ಟು ಸ್ಟಿಕ್ ಎನ್ನುವುದು ಪಾರ್ಟ್ ನಂಬರಿನಲ್ಲೇ ಇರುತ್ತದೆ. ಕಿಂಗ್‌ಸ್ಟನ್ ಫ್ಯೂರಿಯಲ್ಲಿ ಕೊನೆಗೆ `K2-64` ಎಂದಿದ್ದರೆ ಎರಡು ಸ್ಟಿಕ್, ಒಟ್ಟು 64 ಜಿಬಿ. `K4-128` ಎಂದಿದ್ದರೆ ನಾಲ್ಕು ಸ್ಟಿಕ್, ಒಟ್ಟು 128. ಕೋರ್ಸೇರ್‌ನಲ್ಲಿ `X5M2`, `X5M4` ಎಂಬ ಭಾಗ ನೋಡಿ: 5 ಅಂದರೆ ಡಿಡಿಆರ್5, ಎಂ ಪಕ್ಕದ ಅಂಕಿ ಸ್ಟಿಕ್ಕಿನ ಸಂಖ್ಯೆ. ಜಿ.ಸ್ಕಿಲ್‌ನಲ್ಲಿ `32GX2`, `32GX4` ಎಂದು ಬರುತ್ತದೆ, ಅಲ್ಲಿ 32 ಜಿಬಿ ಒಂದೊಂದು ಸ್ಟಿಕ್ಕಿನ ಗಾತ್ರ. ಬಿಲ್ಲಿನಲ್ಲಿ "32 ಜಿಬಿ ಡಿಡಿಆರ್5 6000, 4 ನಗ" ಎಂದಷ್ಟೇ ಬರೆಸಿಕೊಂಡರೆ ಈ ವ್ಯತ್ಯಾಸವೆಲ್ಲ ಅಳಿಸಿಹೋಗುತ್ತದೆ. ಪೂರ್ತಿ ಪಾರ್ಟ್ ನಂಬರ್ ಬರೆಸಿ.

ನಾಲ್ಕರ ಕಿಟ್ಟಿಗೂ ಎರಡರ ಎರಡು ಕಿಟ್ಟಿಗೂ ಏನು ವ್ಯತ್ಯಾಸ, ಸ್ಟಿಕ್ ಅವೇ ಅಲ್ಲವೇ ಎಂದು ಮಾಲೀಕರು ಕೇಳಿದರು. ನ್ಯಾಯವಾದ ಪ್ರಶ್ನೆ. ಕಿಟ್ ಎಂದರೆ ಒಟ್ಟಿಗೆ ಹಾಕಿ ಆ ಪ್ರೊಫೈಲಿನ ವೇಗಕ್ಕೆ ಪರೀಕ್ಷೆ ಮಾಡಿ ಒಂದೇ ಡಬ್ಬಿಗೆ ತುಂಬಿದ ಸ್ಟಿಕ್ಕುಗಳು. ಎರಡರ ಕಿಟ್ಟಿನ ಎಕ್ಸ್‌ಪೋ ಪ್ರೊಫೈಲಿನಲ್ಲಿರುವ ವೇಗ, ಟೈಮಿಂಗ್, ವೋಲ್ಟೇಜ್ ಎರಡು ಸ್ಟಿಕ್ಕಿಗೆ ಒಪ್ಪಿದವು. ಅದೇ ಪ್ರೊಫೈಲನ್ನು ನಾಲ್ಕಕ್ಕೆ ಹಚ್ಚಿದರೆ ಯಾರೂ ಪರೀಕ್ಷೆ ಮಾಡದ ಸ್ಥಿತಿ ಅದು. ನಾಲ್ಕರ ಕಿಟ್ಟುಗಳ ಪ್ರೊಫೈಲ್ ವೇಗ ಸಾಮಾನ್ಯವಾಗಿ ಕಡಿಮೆ ಇರುವುದೂ ಇದಕ್ಕೇ. ಇನ್ನೊಂದು ಸಂಗತಿ, ಒಂದೇ ಪಾರ್ಟ್ ನಂಬರಿನೊಳಗೆ ತಯಾರಕರು ಕಾಲಕಾಲಕ್ಕೆ ಚಿಪ್ ಬದಲಿಸುತ್ತಾರೆ. ಹೊರಗಿನ ಡಬ್ಬಿ, ಬಣ್ಣ, ಬರಹ ಎಲ್ಲ ಒಂದೇ, ಒಳಗಿನ ಚಿಪ್ ಬೇರೆ.

ಇಲ್ಲಿ ಆದದ್ದೂ ಅದೇ. ಅಂಗಡಿಯವರು ಒಳ್ಳೆಯ ಮನಸ್ಸಿನಿಂದ ಅದೇ ಪಾರ್ಟ್ ನಂಬರಿನ ಎರಡನೇ ಕಿಟ್ಟನ್ನು ಪರೀಕ್ಷೆಗೆಂದು ಕೊಟ್ಟರು, ನಡೆಯದಿದ್ದರೆ ವಾಪಸ್ ತರಲು ಹೇಳಿ. ಕಣ್ಣಾರೆ ನೋಡಲಿ ಎಂದು ನಾವೂ ಒಪ್ಪಿದೆವು. ಎರಡನ್ನೂ ಬೇರೆ ಬೇರೆಯಾಗಿ ಹಾಕಿ ಸಿಪಿಯು-ಜೆಡ್‌ನ SPD ಪುಟ ತೆರೆದರೆ, ಹಳೆಯ ಕಿಟ್ಟಿನ `DRAM Manuf.` ಎದುರು ಹೈನಿಕ್ಸ್, ಹೊಸದರ ಎದುರು ಸ್ಯಾಮ್‌ಸಂಗ್. ಕೋರ್ಸೇರ್ ಸ್ಟಿಕ್ಕಾದರೆ ಡಬ್ಬಿ ತೆರೆಯುವ ಮುಂಚೆಯೂ ಒಂದು ಸುಳಿವು ಸಿಗುತ್ತದೆ. ಲೇಬಲ್ಲಿನ `ver` ಸಂಖ್ಯೆ 5ರಿಂದ ಶುರುವಾದರೆ ಹೈನಿಕ್ಸ್, 4 ಆದರೆ ಸ್ಯಾಮ್‌ಸಂಗ್, 3 ಆದರೆ ಮೈಕ್ರಾನ್.

ನಾಲ್ಕನ್ನೂ ಹಾಕಿ, ಬಯಾಸ್ ಮೂಲ ಸ್ಥಿತಿಯಲ್ಲೇ ಇಟ್ಟು ಆನ್ ಮಾಡಿದೆವು. ಬೋರ್ಡಿನ ಮೇಲಿನ ಡಿರ‍್ಯಾಮ್ ದೀಪ ಹೊತ್ತಿಕೊಂಡು ಸ್ಕ್ರೀನ್ ಕಪ್ಪಾಗಿಯೇ ಇತ್ತು. ಇದು ಕೆಟ್ಟಿದ್ದರ ಲಕ್ಷಣವಲ್ಲ. ಪ್ರೊಸೆಸರ್ ಪ್ರತಿ ತಂತಿಯ ಸಮಯವನ್ನೂ ವೋಲ್ಟೇಜನ್ನೂ ಹೊಂದಿಸಿಕೊಳ್ಳುತ್ತಿರುತ್ತದೆ, ಇದಕ್ಕೆ ಮೆಮೊರಿ ಟ್ರೈನಿಂಗ್ ಎಂದು ಹೆಸರು. 128 ಜಿಬಿಗೆ ಹಲವು ನಿಮಿಷ ಬೇಕು. ನಡುವೆ ಗಾಬರಿಯಾಗಿ ಸ್ವಿಚ್ ಆಫ್ ಮಾಡಿದರೆ ಮತ್ತೆ ಮೊದಲಿಂದ. ಕಾದ ಮೇಲೆ ಸ್ಕ್ರೀನ್ ಬಂತು, ವೇಗ 3600. ಎಎಂಡಿ ಬರೆದಿದ್ದಷ್ಟೇ.

ಎಕ್ಸ್‌ಪೋ 6000 ಆನ್ ಮಾಡಿದರೆ ಟ್ರೈನಿಂಗ್ ನಡೆದು ನಡೆದು ಕೊನೆಗೆ ಬೋರ್ಡು ಸೋತು ತಾನೇ ಮೂಲ ಸ್ಥಿತಿಗೆ ಮರಳಿತು. ಇದು ಒಳ್ಳೆಯ ಜಾತಿಯ ಸೋಲು, ಕಣ್ಣಿಗೆ ಕಾಣುತ್ತದೆ, ಯಾರಿಗೂ ನಷ್ಟವಿಲ್ಲ. 5200ಕ್ಕೆ ಇಳಿಸಿದಾಗ ವಿಂಡೋಸ್ ಸರಾಗವಾಗಿ ಬಂತು. ಟಾಸ್ಕ್ ಮ್ಯಾನೇಜರಿನಲ್ಲಿ 128 ಜಿಬಿ, 5200. ಪ್ರೀಮಿಯರ್ ತೆರೆಯಿತು, ಬೆಂಚ್‌ಮಾರ್ಕ್ ಓಡಿತು. ಮಾಲೀಕರ ಮುಖ ಅರಳಿತು. ಹೆಚ್ಚಿನ ಜನ ಇಲ್ಲೇ ಕ್ಯಾಬಿನೆಟ್ ಮುಚ್ಚಿಬಿಡುತ್ತಾರೆ, ನಿಜವಾದ ಅಪಾಯ ಶುರುವಾಗುವುದೂ ಇಲ್ಲಿಂದಲೇ.

ಮೆಮ್‌ಟೆಸ್ಟ್86ನ್ನು ಪೆನ್‌ಡ್ರೈವಿಗೆ ಹಾಕಿ ಬೂಟ್ ಮಾಡಿದೆವು. ಮೊದಲ ಪಾಸ್ ಮುಗಿಯುವ ಮುಂಚೆಯೇ ಕೆಂಪು ಸಾಲುಗಳು ಬಂದವು. 4800ಕ್ಕೆ ಇಳಿಸಿದಾಗ ಉಚಿತ ಆವೃತ್ತಿ ಬಿಡುವ ನಾಲ್ಕೂ ಪಾಸ್ ಶುದ್ಧವಾಗಿ ಮುಗಿದವು. 128 ಜಿಬಿಗೆ ಇದು ತುಂಬ ಹೊತ್ತು ಹಿಡಿಯುತ್ತದೆ, ರಾತ್ರಿ ಬಿಟ್ಟು ಹೋಗುವ ಕೆಲಸ. ಆದರೆ ಮೆಮ್‌ಟೆಸ್ಟ್ ಓಡುವಾಗ ಗ್ರಾಫಿಕ್ಸ್ ಕಾರ್ಡ್ ತಣ್ಣಗಿರುತ್ತದೆ. ನಿಜವಾದ ಕೆಲಸದಲ್ಲಿ ಹಾಗಲ್ಲ. ಮಧ್ಯಾಹ್ನ ವಿಂಡೋಸಿನೊಳಗೆ ಒಂದು ಕಡೆ ರೆಂಡರ್ ಹಚ್ಚಿ, ಇನ್ನೊಂದು ಕಡೆ ಟೆಸ್ಟ್‌ಮೆಮ್5 ಓಡಿಸಿದಾಗ ಎಚ್‌ಡಬ್ಲ್ಯುಇನ್ಫೋದಲ್ಲಿ ನಡುವಿನ ಸ್ಟಿಕ್ಕುಗಳ ತಾಪ 55 ಡಿಗ್ರಿ ದಾಟಿತು, ಸ್ವಲ್ಪ ಹೊತ್ತಿಗೆ ತಪ್ಪು ಕಾಣಿಸಿಕೊಂಡಿತು. ನಾಲ್ಕು ಸ್ಟಿಕ್ ಒಂದಕ್ಕೊಂದು ಅಂಟಿದಂತೆ ನಿಂತಾಗ ನಡುವೆ ಗಾಳಿಗೆ ಜಾಗವಿಲ್ಲ. ಡಿಡಿಆರ್5ರಲ್ಲಿ ವೋಲ್ಟೇಜ್ ಹೊಂದಿಸುವ ಚಿಪ್ ಕೂಡ ಸ್ಟಿಕ್ಕಿನ ಮೇಲೇ ಇದ್ದು ತಾನೂ ಬಿಸಿಯಾಗುತ್ತದೆ. ಬಿಸಿ ಹೆಚ್ಚಿದಂತೆ ಮೆಮೊರಿ ಕೋಶಗಳಲ್ಲಿನ ಚಾರ್ಜ್ ಬೇಗ ಸೋರುತ್ತದೆ. ಎಸಿ ಇಲ್ಲದ ಕೋಣೆ, ನಮ್ಮೂರಿನ ಏಪ್ರಿಲ್ ತಿಂಗಳ ಮಧ್ಯಾಹ್ನ: ತಂಪು ಹೊತ್ತಿನಲ್ಲಿ ಪಾಸಾದ ಪರೀಕ್ಷೆಯನ್ನು ನಂಬಿ ಇಲ್ಲಿ ಯಂತ್ರ ಕೊಡಬಾರದು.

ಈ ತಪ್ಪುಗಳು ಸ್ಟುಡಿಯೊದಲ್ಲಿ ಯಾವ ರೂಪದಲ್ಲಿ ಕಾಣುತ್ತವೆ? ನೀಲಿ ತೆರೆ ಬಂದು `MEMORY_MANAGEMENT` ಎಂದರೆ ಪುಣ್ಯ, ಕನಿಷ್ಠ ಸುಳಿವು ಸಿಕ್ಕಿತು. ಹೆಚ್ಚಾಗಿ ಆಗುವುದು ಬೇರೆ. ಕ್ಯಾಮೆರಾ ಕಾರ್ಡಿನಿಂದ ಡಿಸ್ಕಿಗೆ ಕಾಪಿಯಾಗುವ ಪ್ರತಿ ಫೈಲೂ ರ‍್ಯಾಮಿನ ಮೂಲಕವೇ ಹಾದುಹೋಗುತ್ತದೆ. ಅಲ್ಲಿ ಒಂದು ಬಿಟ್ ತಿರುಗಿದರೆ ವಿಂಡೋಸ್ ಏನೂ ಹೇಳುವುದಿಲ್ಲ, ತಪ್ಪು ಹಾಗೇ ಡಿಸ್ಕಿಗೆ ಇಳಿಯುತ್ತದೆ. ಆಮೇಲೆ ಎಡಿಟಿನಲ್ಲಿ ಒಂದು ಫ್ರೇಮ್ ಹಸಿರು ಚೌಕಗಳಾಗಿ ಒಡೆದಿರುತ್ತದೆ, ಅಥವಾ ಪೂರ್ತಿ ಕ್ಲಿಪ್ ತೆರೆಯುವುದೇ ಇಲ್ಲ. ಅಷ್ಟರಲ್ಲಿ ಕಾರ್ಡ್ ಫಾರ್ಮ್ಯಾಟ್ ಆಗಿ ಮುಂದಿನ ಮದುವೆಗೆ ಹೋಗಿರುತ್ತದೆ. ತಾಳಿ ಕಟ್ಟುವ ಹೊತ್ತಿನ ಕ್ಲಿಪ್ ಅದಾಗಿದ್ದರೆ ಯಾವ ವಾರಂಟಿಯೂ ಅದನ್ನು ತಂದುಕೊಡುವುದಿಲ್ಲ.

ಡಿಡಿಆರ್5ರಲ್ಲಿ ತಪ್ಪು ತಿದ್ದುವ ಇಸಿಸಿ ಒಳಗೇ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಆ ಇಸಿಸಿ ಚಿಪ್ಪಿನೊಳಗಿನ ಕೋಶಗಳ ತಪ್ಪನ್ನು ಮಾತ್ರ ತಿದ್ದುತ್ತದೆ. ಚಿಪ್ಪಿನಿಂದ ಪ್ರೊಸೆಸರಿಗೆ ಬರುವ ದಾರಿಯಲ್ಲಿ ಆಗುವ ತಪ್ಪು ಅದರ ಕಣ್ಣಿಗೆ ಬೀಳುವುದಿಲ್ಲ, ಮತ್ತು ನಾಲ್ಕು ಸ್ಟಿಕ್ಕಿನ ಹೊರೆಯಿಂದ ಹದಗೆಡುವುದು ಆ ದಾರಿಯೇ.

ಈಗಾಗಲೇ ಇಂಥ ಜೋಡಣೆ ಹಾಕಿಕೊಂಡು ಅನುಮಾನವಿರುವವರು ಒಂದು ಪರೀಕ್ಷೆ ಮಾಡಬಹುದು. ಕಾರ್ಡ್‌ನಿಂದ ಕೆಲವು ದೊಡ್ಡ ಕ್ಲಿಪ್ ಕಾಪಿ ಮಾಡಿ, ಯಂತ್ರವನ್ನು ರೀಸ್ಟಾರ್ಟ್ ಮಾಡಿ, ಕಾರ್ಡಿನ ಫೈಲಿಗೂ ಡಿಸ್ಕಿನ ಫೈಲಿಗೂ ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂಥ ಸಂಖ್ಯೆ, ತೆಗೆಯಿರಿ:

```
Get-FileHash E:\C0012.MP4 -Algorithm SHA256
Get-FileHash D:\raw\C0012.MP4 -Algorithm SHA256
```

ಡ್ರೈವ್ ಅಕ್ಷರ, ಫೈಲ್ ಹೆಸರು ನಿಮ್ಮವು ಹಾಕಿಕೊಳ್ಳಿ. ಎರಡೂ ಉದ್ದನೆ ಸಂಖ್ಯೆಗಳು ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ರೀಸ್ಟಾರ್ಟ್ ಮಾಡದೆ ನೋಡಿದರೆ ವಿಂಡೋಸ್ ಡಿಸ್ಕ್ ಓದದೆ ರ‍್ಯಾಮಿನಲ್ಲಿ ಉಳಿದ ಪ್ರತಿಯನ್ನೇ ಓದಬಹುದು. ಹ್ಯಾಶ್ ಬೇರೆ ಬಂದರೆ ಅದೇ ಆದೇಶವನ್ನು ಮತ್ತೆ ಕೊಡಿ. ಒಂದೇ ಫೈಲಿಗೆ ಸಲ ಸಲಕ್ಕೂ ಬೇರೆ ಉತ್ತರ ಬರುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ರ‍್ಯಾಮನ್ನೇ. ಹ್ಯಾಶ್ ಹೊಂದಿತು ಎಂದಾಕ್ಷಣ ರ‍್ಯಾಮ್ ಸರಿ ಎಂದು ಹೇಳಲಾಗದು, ಮೆಮ್‌ಟೆಸ್ಟ್ ಬೇಕೇ ಬೇಕು.

ಬೆರಕೆ ಜೋಡಣೆ ಎಲ್ಲ ಪರೀಕ್ಷೆಯನ್ನೂ ದಾಟಿ ನಿಂತದ್ದು 3600ರಲ್ಲಿ ಮಾತ್ರ. ಎರಡನೇ ಕಿಟ್ ಅಂಗಡಿಗೆ ವಾಪಸ್ ಹೋಯಿತು. ಎಲ್ಲ ಕಡೆ ಹೀಗೆ ವಾಪಸ್ ತೆಗೆದುಕೊಳ್ಳುವುದಿಲ್ಲ. ಸೀಲ್ ಒಡೆದ ರ‍್ಯಾಮನ್ನು, ಅದರಲ್ಲೂ ಸ್ಟಿಕ್ ಸರಿಯಿದ್ದು ನಿಮ್ಮ ಬೋರ್ಡಿಗೆ ಮಾತ್ರ ಹೊಂದದಿದ್ದಾಗ, ವಾರಂಟಿಯೂ ಒಪ್ಪುವುದಿಲ್ಲ, ಯಾಕೆಂದರೆ ಸ್ಟಿಕ್ಕಿನಲ್ಲಿ ದೋಷವಿಲ್ಲ. ಕೊಳ್ಳುವ ಮುಂಚೆಯೇ ಈ ಮಾತು ಆಡಿಕೊಂಡಿರಬೇಕು.

ಸರಿಯಾದ ಕಿಟ್ಟಿಗಾಗಿ ಪಟ್ಟಿಗೆ ಮರಳಿದೆವು. 32 ಜಿಬಿ, ಡಿಎಸ್, 4ರ ಕೆಳಗೆ ಗುರುತು. ಇಷ್ಟು ಜರಡಿ ಹಿಡಿದಾಗ ಉಳಿದ ಸಾಲು ಬೆರಳೆಣಿಕೆಯಷ್ಟು. ಅದರಲ್ಲಿ ನಾಲ್ಕರ ಕಿಟ್ಟಾಗಿಯೇ ಮಾರಾಟವಾಗುವ 5200ರ ಒಂದನ್ನು ಹಿಡಿದು ಎದುರು ದಿಕ್ಕಿನಿಂದಲೂ ನೋಡಿದೆವು. ರ‍್ಯಾಮ್ ಕಂಪನಿಗಳೂ ತಮ್ಮ ಕಡೆಯಿಂದ ಪಟ್ಟಿ ಇಡುತ್ತವೆ: ಕಿಟ್ಟಿನ ಪಾರ್ಟ್ ನಂಬರ್ ಕೊಟ್ಟರೆ ಯಾವ ಯಾವ ಬೋರ್ಡಿನಲ್ಲಿ ಪರೀಕ್ಷಿಸಿದ್ದಾರೆ ಎಂದು ತೋರಿಸುತ್ತದೆ. ಬೋರ್ಡಿನವರ ಪಟ್ಟಿ ಬಹುಪಾಲು ಬೋರ್ಡ್ ಬಿಡುಗಡೆಯಾದ ಹೊತ್ತಿಗೆ ಮಾಡಿದ್ದು, ಆಮೇಲೆ ಬಂದ ಕಿಟ್ಟುಗಳು ಅದರಲ್ಲಿ ಇಲ್ಲದಿರಬಹುದು. ರ‍್ಯಾಮಿನವರ ಪಟ್ಟಿ ಆ ಕೊರತೆ ತುಂಬುತ್ತದೆ. ಎರಡರಲ್ಲೂ ಇದ್ದರೆ ನಿಶ್ಚಿಂತೆ, ಒಂದರಲ್ಲಾದರೂ ನಾಲ್ಕು ಸ್ಟಿಕ್ಕಿಗೆ ಎಂದು ಇರಲೇಬೇಕು. ಎರಡರಲ್ಲೂ ಇಲ್ಲದ ಕಿಟ್ ಓಡುವುದಿಲ್ಲ ಎಂದು ನಾವು ಹೇಳುವುದಿಲ್ಲ. ಆದರೆ ಅದನ್ನು ಪರೀಕ್ಷಿಸುವ ಕೆಲಸವೂ ನಷ್ಟವೂ ಕೊಂಡವರ ಪಾಲಿಗೆ ಬರುತ್ತವೆ.

64 ಜಿಬಿಯ ಎರಡೇ ಸ್ಟಿಕ್ಕಿನ ದಾರಿಯೂ ಇತ್ತು. ಈ ಬೋರ್ಡಿನ 7000 ಸರಣಿಯ ಪಟ್ಟಿಯಲ್ಲಿ ಅಂಥ ಸಾಲು ಇರಲಿಲ್ಲವಾದ್ದರಿಂದ ಕೈಬಿಟ್ಟೆವು. ನಿಮ್ಮ ಪಟ್ಟಿಯಲ್ಲಿದ್ದು ಬೆಲೆ ಹೊಂದಿದರೆ ಅದನ್ನೇ ತೆಗೆದುಕೊಳ್ಳಿ, ಎ1 ಮತ್ತು ಬಿ1 ಖಾಲಿ ಉಳಿದಷ್ಟೂ ಒಳ್ಳೆಯದು. 96 ಜಿಬಿ ಸಾಕೆನ್ನುವವರಿಗೆ 48ರ ಎರಡು ಸ್ಟಿಕ್ ಇನ್ನೂ ಸುಲಭ. 24, 48 ಜಿಬಿಯ ಸ್ಟಿಕ್ಕುಗಳು ಬಂದದ್ದು 2023ರಲ್ಲಿ, ಅದಕ್ಕಿಂತ ಹಳೆಯ ಬಯಾಸ್ ಇದ್ದರೆ ಮೊದಲು ಅಪ್‌ಡೇಟ್ ಮಾಡಬೇಕು.

ನಾಲ್ಕರ ಕಿಟ್ ದಾವಣಗೆರೆಯಲ್ಲಿ ಸ್ಟಾಕ್ ಇರಲಿಲ್ಲ, ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ತರಿಸಬೇಕಾಯಿತು. ಬರುವಷ್ಟರಲ್ಲಿ ಹಳೆಯ ಎರಡು ಸ್ಟಿಕ್ಕಿನ ಮೇಲೆಯೇ ಬಯಾಸನ್ನು ಹೊಸದಕ್ಕೆ ಏರಿಸಿದೆವು. ನಾಲ್ಕು ಸ್ಟಿಕ್ ಹಾಕಿ, ಅದು ತಡಬಡಿಸುವಾಗ ಬಯಾಸ್ ಫ್ಲ್ಯಾಶ್ ಮಾಡುವ ಸಾಹಸ ಬೇಡ. ಯುಪಿಎಸ್ ಇಲ್ಲದೆಯೂ ಬೇಡ. ಕೂಲರಿನ ಫ್ಯಾನ್ ಎ1 ಸ್ಲಾಟಿನ ಮೇಲೆ ಬಾಗಿದೆಯೇ ಎಂದು ಮೊದಲೇ ಅಳೆದುಕೊಂಡಿದ್ದೆವು. ಎರಡು ಸ್ಟಿಕ್ ಇದ್ದಾಗ ಎ1 ಖಾಲಿಯಿರುವುದರಿಂದ ಈ ತೊಂದರೆ ಗೊತ್ತೇ ಆಗಿರುವುದಿಲ್ಲ, ಸ್ಟಿಕ್ಕಿನ ಎತ್ತರವನ್ನು ಬೋರ್ಡಿನ ಪಟ್ಟಿಯೂ ಹೇಳುವುದಿಲ್ಲ. ಇಲ್ಲಿ ಫ್ಯಾನನ್ನು ಸ್ವಲ್ಪ ಮೇಲಕ್ಕೆ ಸರಿಸಿದ ಮೇಲೆ ಸರಿಹೋಯಿತು.

ಹೊಸ ಕಿಟ್ ಮೊದಲು 3600ರಲ್ಲಿ ಬಂತು, ಎಕ್ಸ್‌ಪೋ ಆನ್ ಮಾಡಿ ಟ್ರೈನಿಂಗ್ ಮುಗಿದ ಮೇಲೆ 5200ರಲ್ಲಿ ನಿಂತಿತು. ಎಸ್‌ಒಸಿ ವೋಲ್ಟೇಜ್, ಅಂದರೆ ಪ್ರೊಸೆಸರಿನೊಳಗಿನ ಮೆಮೊರಿ ಕಂಟ್ರೋಲರಿಗೆ ಹೋಗುವ ವೋಲ್ಟೇಜ್, ಎಷ್ಟಕ್ಕೆ ಏರಿದೆ ಎಂದು ನೋಡಿದೆವು. 2023ರಲ್ಲಿ ಕೆಲವು 7000 ಸರಣಿ ಪ್ರೊಸೆಸರುಗಳು ಸುಟ್ಟುಹೋದ ಮೇಲೆ ಎಎಂಡಿ ಇದಕ್ಕೆ 1.30 ವೋಲ್ಟಿನ ಮಿತಿ ಹಾಕಿದೆ. ಹಳೆಯ ಬಯಾಸ್‌ನಲ್ಲಿ ಆ ಮಿತಿ ಇಲ್ಲದಿರಬಹುದು, ಅಪ್‌ಡೇಟಿಗೆ ಇದೂ ಒಂದು ಕಾರಣ. ನಾಲ್ಕು ಸ್ಟಿಕ್ ನಿಲ್ಲದಿದ್ದಾಗ ಈ ವೋಲ್ಟೇಜನ್ನು ಕೈಯಾರೆ ಏರಿಸುತ್ತ ಹೋಗುವವರಿದ್ದಾರೆ. ನಾವು ಅದಕ್ಕೆ ಕೈ ಹಾಕುವುದಿಲ್ಲ, ವೇಗವನ್ನೇ ಒಂದು ಮೆಟ್ಟಿಲು ಇಳಿಸುತ್ತೇವೆ.

`Memory Context Restore` ಎಂಬ ಆಯ್ಕೆಯ ಬಗ್ಗೆಯೂ ಮಾಲೀಕರಿಗೆ ಹೇಳಬೇಕಾಯಿತು. ಅದು ಆಫ್ ಇದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ಟ್ರೈನಿಂಗ್, ಅಂದರೆ ಪ್ರತಿ ಸಲವೂ ಕಾಯಬೇಕು. ಆನ್ ಇದ್ದರೆ ಹಿಂದಿನ ಅಳತೆಯನ್ನೇ ಬಳಸಿ ಬೇಗ ಏಳುತ್ತದೆ, ಆದರೆ ಬೆಳಗಿನ ತಂಪಿನಲ್ಲಿ ಹೊಂದಿಸಿದ ಅಳತೆ ಮಧ್ಯಾಹ್ನದ ಬಿಸಿಗೂ ಹೊಂದಬೇಕು. ಆನ್ ಮಾಡಿಯೇ ಪರೀಕ್ಷೆ ಮುಗಿಸಿದೆವು, ಯಾಕೆಂದರೆ ಯಂತ್ರ ದಿನವೂ ಓಡುವುದು ಆ ಸ್ಥಿತಿಯಲ್ಲೇ. ರಾತ್ರಿ ಮೆಮ್‌ಟೆಸ್ಟ್, ಮಧ್ಯಾಹ್ನ ರೆಂಡರ್ ಜೊತೆ ಟೆಸ್ಟ್‌ಮೆಮ್5, ಆಮೇಲೆ ಹ್ಯಾಶ್. ಎಲ್ಲೂ ಒಂದು ತಪ್ಪೂ ಬರಲಿಲ್ಲ. ಸ್ಟಿಕ್ಕುಗಳ ಮೇಲೆ ಗಾಳಿ ಬೀಳುವಂತೆ ಕ್ಯಾಬಿನೆಟ್ಟಿನ ಮುಂದಿನ ಫ್ಯಾನ್ ಒಂದನ್ನು ಮೇಲಿನ ಸ್ಥಾನಕ್ಕೆ ಬದಲಿಸಿದ್ದರಿಂದ ತಾಪವೂ 50ರ ಕೆಳಗೇ ಉಳಿಯಿತು.

ಕ್ಯಾಬಿನೆಟ್ಟಿನ ಒಳಬದಿಗೆ ಒಂದು ಚೀಟಿ ಅಂಟಿಸಿದ್ದೇವೆ: ಕಿಟ್ಟಿನ ಪೂರ್ತಿ ಪಾರ್ಟ್ ನಂಬರ್, ಬಯಾಸ್ ಆವೃತ್ತಿ, ಪಾಸಾದ ವೇಗ. ಬಯಾಸ್ ಅಪ್‌ಡೇಟ್ ಮಾಡಿದರೆ ಎಕ್ಸ್‌ಪೋ ಅಳಿಸಿಹೋಗಿ ವೇಗ 3600ಕ್ಕೆ ಮರಳಿರುತ್ತದೆ. ಮತ್ತೆ ಆನ್ ಮಾಡಿ, ಮತ್ತೆ ಮೆಮ್‌ಟೆಸ್ಟ್ ಓಡಿಸಿದ ಮೇಲೆಯೇ ಕಾರ್ಡ್ ಕಾಪಿ ಮಾಡಲು ಕೂರಬೇಕೆಂದು ಅದರಲ್ಲೇ ಬರೆದಿದೆ. ಹಳೆಯ 6000ದ ಜೋಡಿ ಸ್ಟುಡಿಯೊದ ಇನ್ನೊಂದು ಎಎಂ5 ಯಂತ್ರದ ಎ2, ಬಿ2ಗೆ ಹೋಯಿತು. ಆ ಬೋರ್ಡಿನ ಪಟ್ಟಿಯಲ್ಲಿ 2ರ ಕೆಳಗೆ ಗುರುತಿದೆಯೇ ಎಂದು ನೋಡಿಕೊಂಡೇ ಹಾಕಿದೆವು.